ಕೈ ಮಡಚಿದ್ರೆ ತಳ್ಳಿದ್ದು ಯಾರು?

ದಸರಾ ರಜೆಗೆ ಊರಿಗೆ ಹೋದಾಗ ಚಿಕ್ಕಮ್ಮನ ಮನೆಯಲ್ಲಿ ಎರಡು ದಿನ ಇದ್ದೆ. ಚಿಕ್ಕಮ್ಮನ ಮಗ ಈ ವರ್ಷ ಫಸ್ಟ್ ಪಿಯುಸಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವನು, ಈಗ ಏಕ್‌ದಮ್ ಎಲ್ಲಾ ಇಂಗ್ಲಿಷ್. "ಅಕ್ಕ ಇಂಜಿನಿಯರಿಂಗ್ ಓದ್ತಿದಾಳೆ, ಅವಳನ್ನೇ ಕೇಳು" ಅಂತ ಚಿಕ್ಕಮ್ಮ ಅವನನ್ನ ಪುಸ್ತಕದ ಸಮೇತ ನನ್ನ ಮುಂದೆ ಕೂರಿಸಿದ್ರು. ಅವನು ತೋರಿಸಿದ್ದು ರೊಟೇಷನಲ್ ಮೋಷನ್ ಚಾಪ್ಟರ್. ಪ್ರಶ್ನೆ ನಮಗೆಲ್ಲಾ ಬಾಯಿಪಾಠ ಇರೋದೇ: ಮಂಜಿನ ಮೇಲೆ ಗಿರಗಿರ ತಿರುಗ್ತಾ ಇರೋ ಸ್ಕೇಟರ್ ಚಾಚಿದ ಕೈಗಳನ್ನ ಎದೆಗೆ ಎಳೆದುಕೊಂಡ್ರೆ ಇನ್ನೂ ಜೋರಾಗಿ ತಿರುಗ್ತಾಳೆ, ಯಾಕೆ?

ನಾನು ಒಂದು ಸೆಕೆಂಡೂ ಯೋಚಿಸದೆ ಹೇಳಿಬಿಟ್ಟೆ. ಹೊರಗಿನ ಟಾರ್ಕ್ ಇಲ್ಲ, ಆದ್ದರಿಂದ ಆಂಗ್ಯುಲರ್ ಮೊಮೆಂಟಮ್ ಬದಲಾಗಲ್ಲ. L = Iω. ಕೈ ಒಳಗೆ ಬಂದ್ರೆ I ಕಡಿಮೆ ಆಗುತ್ತೆ, ಹಾಗಾಗಿ ω ಜಾಸ್ತಿ ಆಗಲೇಬೇಕು. ಪರೀಕ್ಷೆಯಲ್ಲಿ ಇಷ್ಟು ಬರೆದ್ರೆ ಫುಲ್ ಮಾರ್ಕ್ಸ್. ನನಗೂ ಕೊಟ್ಟಿದ್ರು.

ಅವನು ಅದನ್ನ ನೀಟಾಗಿ ಬರ್ಕೊಂಡ. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದ: "ಅಕ್ಕ, ಜೋರಾಗಿ ತಿರುಗಬೇಕು ಅಂದ್ರೆ ಯಾರಾದ್ರೂ ತಳ್ಳಬೇಕಲ್ವಾ? ಯಾರು ತಳ್ಳಿದ್ರು?"

"ಯಾರೂ ತಳ್ಳಿಲ್ಲ ಕಣೋ, ಕನ್ಸರ್ವೇಷನ್" ಅಂದೆ. ಅವನು ಸುಮ್ಮನೆ ನನ್ನ ಮುಖ ನೋಡಿದ. ಎರಡನೇ ಸಲ ಅದನ್ನೇ ಕನ್ನಡದಲ್ಲಿ ಹೇಳೋಕೆ ಹೋದಾಗ ನನಗೇ ಗೊತ್ತಾಯ್ತು, ನನ್ನ ಹತ್ತಿರ ಹೇಳೋಕೆ ಏನೂ ಇಲ್ಲ. ಇಂಗ್ಲಿಷ್‌ನಲ್ಲಿ ಆ ವಾಕ್ಯ ತಾನಾಗೇ ಬಾಯಿಗೆ ಬರುತ್ತೆ, ಅದು ಬಂದ ಕೂಡ್ಲೇ ಅರ್ಥ ಆಗಿದೆ ಅನ್ನಿಸಿಬಿಡುತ್ತೆ. ಕನ್ನಡದಲ್ಲಿ "ಕೈ ಒಳಗೆ ಬಂತು, ಅದಕ್ಕೇ ಮೈ ಜೋರಾಯ್ತು" ಅಂದ್ರೆ ನಡುವೆ ಒಂದು ಗುಂಡಿ ಇರೋದು ಎದ್ದು ಕಾಣುತ್ತೆ. (ನನ್ನ ಕನ್ನಡ ಬರವಣಿಗೆ ಎಷ್ಟು ಚೆಂದ ಅಂತ ನಮ್ಮ ಕ್ಲಬ್ಬಿನವರಿಗೆ ಗೊತ್ತು. ಆದ್ರೂ ಇದನ್ನ ಇಲ್ಲೇ ಬರೀಬೇಕು ಅನ್ನಿಸಿದ್ದು ಈ ಕಾರಣಕ್ಕೆ.)

ನನ್ನ ಅಭಿಪ್ರಾಯ ಇದು. ನಾವು ಬೋರ್ಡ್ ಪರೀಕ್ಷೆಯಲ್ಲಿ ಬರೆಯೋ ಆ ಮೂರು ಸಾಲಿನ ಉತ್ತರ ತಪ್ಪಲ್ಲ, ಆದ್ರೆ ಅರ್ಧ. ಅದು ಲೆಕ್ಕದ ಪುಸ್ತಕ ಇದ್ದ ಹಾಗೆ. ತಿಂಗಳ ಕೊನೆಗೆ ಜಮಾ ಖರ್ಚು ಸರಿಹೋಯ್ತು ಅಂತ ಹೇಳುತ್ತೆ, ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅಂತ ಹೇಳಲ್ಲ. "ಯಾಕೆ" ಅಂತ ಕೇಳಿದ ಪ್ರಶ್ನೆಗೆ ಅಷ್ಟಕ್ಕೇ ಪೂರ್ತಿ ಮಾರ್ಕ್ಸ್ ಕೊಡಬಾರದು. ಅರ್ಧ ಗೊತ್ತಿದ್ರೆ ಏನಾಯ್ತು ಅಂತೀರಾ? ಆ ಅರ್ಧ ನಮ್ಮನ್ನ ಎಲ್ಲಿ ಬೀಳಿಸುತ್ತೆ ಅಂತ ಮುಂದೆ ತೋರಿಸ್ತೀನಿ.

ಅವತ್ತು ರಾತ್ರಿ ಊಟ ಆದ್ಮೇಲೆ ಇಬ್ಬರೂ ಕೂತು ಒಂದು ಲೆಕ್ಕ ಹಿಡಿದ್ವಿ. ಎನ್‌ಸಿಇಆರ್‌ಟಿಯ ಹಳೇ ಮುದ್ರಣದಲ್ಲಿ ಚಾಪ್ಟರಿನ ಕೊನೆಯ ಅಭ್ಯಾಸದಲ್ಲಿದ್ದ ಲೆಕ್ಕ ಅದು. ತಿರುಗೋ ವೇದಿಕೆ ಮೇಲೆ ಒಬ್ಬ ನಿಂತಿದ್ದಾನೆ. ಒಂದೊಂದು ಕೈಯಲ್ಲೂ 5 ಕೆಜಿ ತೂಕ. ಕೈ ಚಾಚಿದಾಗ ತೂಕಗಳು ನಡುವಿನ ಅಕ್ಷದಿಂದ 90 ಸೆಂಟಿಮೀಟರ್ ದೂರ, ಎಳೆದುಕೊಂಡಾಗ 20 ಸೆಂಟಿಮೀಟರ್. ಮೊದಲು ನಿಮಿಷಕ್ಕೆ 30 ಸುತ್ತು ತಿರುಗ್ತಾ ಇದಾನೆ. ಆ ಮನುಷ್ಯ ಮತ್ತು ವೇದಿಕೆ ಎರಡರದ್ದೂ ಸೇರಿ ಮೊಮೆಂಟ್ ಆಫ್ ಇನರ್ಷಿಯಾ 7.6 kg m², ಅದು ಬದಲಾಗಲ್ಲ ಅಂತ ಇಟ್ಕೋಬೇಕು.

ಜಮಾ ಖರ್ಚಿನ ಭಾಗ ಸುಲಭ. ಕೈ ಚಾಚಿದಾಗ ತೂಕಗಳ ಪಾಲು 2 × 5 × 0.9² = 8.1, ಒಟ್ಟು 15.7. ಎಳೆದುಕೊಂಡ ಮೇಲೆ ತೂಕಗಳ ಪಾಲು ಬರೀ 0.4, ಒಟ್ಟು 8.0. ಹಾಗಾಗಿ ವೇಗ 30 × 15.7 / 8.0, ಅಂದ್ರೆ ನಿಮಿಷಕ್ಕೆ ಸುಮಾರು 59 ಸುತ್ತು. ಹೆಚ್ಚು ಕಡಿಮೆ ಡಬಲ್. ತರಗತಿಯಲ್ಲಿ ನಾವು ಇಲ್ಲಿಗೆ ನಿಲ್ಲಿಸಿದ್ವಿ. ಆದ್ರೆ ಅದೇ ಲೆಕ್ಕದಲ್ಲಿ ಎರಡನೇ ಭಾಗ ಒಂದಿದೆ: ಕೈನೆಟಿಕ್ ಎನರ್ಜಿ ಅಷ್ಟೇ ಉಳಿಯುತ್ತಾ, ಇಲ್ಲದಿದ್ರೆ ವ್ಯತ್ಯಾಸ ಎಲ್ಲಿಂದ ಬಂತು? ನಮಗೆ ಅದನ್ನ "ಹೋಮ್‌ವರ್ಕ್" ಅಂತ ಬಿಟ್ಟಿದ್ರು. ಯಾರೂ ಮಾಡಿರಲಿಲ್ಲ, ಯಾರೂ ಕೇಳಲೂ ಇಲ್ಲ.

ಮಾಡಿದ್ರೆ ಹೀಗೆ. ನಿಮಿಷಕ್ಕೆ 30 ಸುತ್ತು ಅಂದ್ರೆ ಸೆಕೆಂಡಿಗೆ π ರೇಡಿಯನ್. ಮೊದಲಿನ ಎನರ್ಜಿ ½ × 15.7 × π², ಸುಮಾರು 77.5 ಜೂಲ್. ಆಮೇಲಿನದು ಸುಮಾರು 152 ಜೂಲ್. ಸುಮಾರು 75 ಜೂಲ್ ಹೊಸದಾಗಿ ಬಂದಿದೆ! ಒಂದು 5 ಕೆಜಿ ತೂಕವನ್ನ ನೆಲದಿಂದ ಒಂದೂವರೆ ಮೀಟರ್ ಎತ್ತಿದ್ರೆ ಎಷ್ಟು ಎನರ್ಜಿ ಬೇಕೋ ಅಷ್ಟು. ಯಾರೂ ಏನೂ ಮಾಡದೆ ಇದು ಬರೋ ಹಾಗಿಲ್ಲ. ಅಂದ್ರೆ "ಯಾರೂ ತಳ್ಳಿಲ್ಲ" ಅನ್ನೋ ನನ್ನ ಮಾತು ಅಲ್ಲೇ ಬಿತ್ತು. ತಮ್ಮ ಕೇಳಿದ್ದೇ ಸರಿಯಾದ ಪ್ರಶ್ನೆ.

ಎಲ್ಲಿಂದ ಬಂತು ಅನ್ನೋದಕ್ಕೆ "ಸ್ನಾಯುಗಳಿಂದ" ಅಂತ ಒಂದು ಪದ ಬರೆದು ಮುಗಿಸಬಹುದು. ಆದ್ರೆ ಲೆಕ್ಕ ಹಾಕಿ ನೋಡೋಕೂ ಆಗುತ್ತೆ, ಅದರಲ್ಲೇ ಮಜಾ ಇರೋದು. ಸುತ್ತುತ್ತಾ ಇರೋ ತೂಕ ಅದರ ಪಾಡಿಗೆ ಬಿಟ್ರೆ ನೇರವಾಗಿ ಹಾರಿ ಹೋಗುತ್ತೆ. ಅದನ್ನ ವೃತ್ತದಲ್ಲೇ ಇಟ್ಟುಕೊಳ್ಳೋಕೆ ಕೈ ಒಳಗಡೆಗೆ ಎಳೀತಾನೇ ಇರಬೇಕು, ಅದರ ಬಲ mω²r. ಕೈ ಪೂರ್ತಿ ಚಾಚಿದ್ದಾಗ ಒಂದೊಂದು ಕೈಗೂ 44 ನ್ಯೂಟನ್. ಸುಮ್ಮನೆ ಹಿಡ್ಕೊಂಡಿದ್ರೆ ಈ ಬಲ ಕೆಲಸ ಮಾಡಲ್ಲ, ಯಾಕಂದ್ರೆ ತೂಕ ಒಳಗಡೆಗೆ ಸರೀತಾ ಇಲ್ಲ. ಎಳೆದುಕೊಳ್ಳೋಕೆ ಶುರು ಮಾಡಿದ ಕ್ಷಣದಿಂದ ಬಲದ ದಿಕ್ಕಿನಲ್ಲೇ ತೂಕ ಚಲಿಸುತ್ತೆ, ಆಗ ಕೆಲಸ ಆಗುತ್ತೆ.

ಎಳೀತಾ ಹೋದ ಹಾಗೆ r ಕಡಿಮೆ ಆಗುತ್ತೆ, ಆದ್ರೆ ω ಏರುತ್ತೆ. ಹಾಗಾಗಿ ಬಲ ಮೊದಲು ಹೆಚ್ಚಾಗಿ ಆಮೇಲೆ ಇಳಿಯುತ್ತೆ. 70 ಸೆಂಟಿಮೀಟರಿನಲ್ಲಿ ಸುಮಾರು 54 ನ್ಯೂಟನ್, 50ರಲ್ಲಿ 60ರ ಹತ್ತಿರ, 20ಕ್ಕೆ ಬಂದಾಗ 38. ಪ್ರತಿ 10 ಸೆಂಟಿಮೀಟರಿಗೆ ಒಂದರಂತೆ ಬಲ ಲೆಕ್ಕ ಹಾಕಿ ಸರಾಸರಿ ತೆಗೆದ್ರೆ 53 ನ್ಯೂಟನ್ ಆಸುಪಾಸು ಬರುತ್ತೆ. ಅದನ್ನ ಎಳೆದ ದೂರ 0.7 ಮೀಟರಿನಿಂದ ಗುಣಿಸಿ, ಎರಡು ಕೈ ಅಂತ ಡಬಲ್ ಮಾಡಿ. 74 ಜೂಲ್ ಚಿಲ್ಲರೆ! ಮೇಲಿನ 75ಕ್ಕೆ ಸರಿಹೋಯ್ತು. ಕ್ಯಾಲ್ಕುಲೇಟರಿನಲ್ಲಿ ಆ ಸಂಖ್ಯೆ ಬಂದಾಗ ರಾತ್ರಿ ಹನ್ನೊಂದು ಗಂಟೆ, ನಾವಿಬ್ಬರೂ ಕೂಗಿದ್ದಕ್ಕೆ ಚಿಕ್ಕಪ್ಪ ಎದ್ದು ಬಂದ್ರು. ಇಂಟಿಗ್ರೇಷನ್ ಬೇಕಾಗಿಲ್ಲ, ಎಂಟು ಸಲ ಕೂಡಿ ಕಳೆದ್ರೆ ಸಾಕು. ಪಿಯುಸಿ ಹುಡುಗನಿಗೆ ಇದು ಆಗದ ಕೆಲಸ ಅಂತ ಯಾರೂ ಹೇಳೋ ಹಾಗಿಲ್ಲ.

ಸರಿ, ಎನರ್ಜಿ ಕೈಯಿಂದ ಬಂತು. ಆದ್ರೆ ತಮ್ಮ ಬಿಡಲಿಲ್ಲ. "ಕೈ ಎಳೆದದ್ದು ಒಳಗಡೆಗೆ, ಮೈ ತಿರುಗೋದು ಪಕ್ಕಕ್ಕೆ. ಒಳಗಡೆ ಎಳೆದ್ರೆ ಪಕ್ಕಕ್ಕೆ ಹೇಗೆ ತಳ್ಳಿದ ಹಾಗಾಗುತ್ತೆ?" ಅಂದ. ಇದು ನನಗೂ ಆವತ್ತು ತಕ್ಷಣ ಹೊಳೀಲಿಲ್ಲ. ಬೆಳಿಗ್ಗೆ ದೋಸೆ ತಿನ್ನುವಾಗ ಹೊಳೀತು.

ಪಾರ್ಕಿನಲ್ಲಿ ಮಕ್ಕಳು ಕೂತು ತಿರುಗೋ ಕಬ್ಬಿಣದ ಚಕ್ರ ಇರುತ್ತಲ್ಲ, ಅದನ್ನ ನೆನಪು ಮಾಡ್ಕೊಳ್ಳಿ. ಅಂಚಿನಲ್ಲಿ ಕೂತವನೂ ನಡುವೆ ಕೂತವನೂ ಒಂದೇ ಸಮಯಕ್ಕೆ ಒಂದು ಸುತ್ತು ಮುಗಿಸ್ತಾರೆ. ಆದ್ರೆ ಅಂಚಿನವನು ದೊಡ್ಡ ವೃತ್ತ ಸುತ್ತಬೇಕು, ಹಾಗಾಗಿ ಅವನ ವೇಗ ಜಾಸ್ತಿ. ಈಗ ನಮ್ಮ ಲೆಕ್ಕದ ತೂಕ ನೋಡಿ. 90 ಸೆಂಟಿಮೀಟರಿನಲ್ಲಿ ಅದು ಸೆಕೆಂಡಿಗೆ 2.83 ಮೀಟರ್ ಹೋಗ್ತಾ ಇದೆ. ಅದನ್ನ 80ಕ್ಕೆ ಎಳೆದೆವು ಅಂತಿಟ್ಕೊಳ್ಳಿ. ಮೈ ಇನ್ನೂ ನಿಮಿಷಕ್ಕೆ 30 ಸುತ್ತಿನಲ್ಲೇ ಇದ್ರೆ, 80 ಸೆಂಟಿಮೀಟರಿನ ಜಾಗದಲ್ಲಿ ಬೇಕಾದ ವೇಗ ಬರೀ 2.51. ತೂಕ ಬೇಕಾದ್ದಕ್ಕಿಂತ ಜೋರಾಗಿ ಬಂದಿದೆ. ಅದು ಮೈಗಿಂತ ಮುಂದಕ್ಕೆ ಓಡೋಕೆ ನೋಡುತ್ತೆ. ಕೈ ಅದನ್ನ ಹಿಡಿದು ಹಿಂದಕ್ಕೆ ಜಗ್ಗುತ್ತೆ. ನ್ಯೂಟನ್ನನ ಮೂರನೇ ನಿಯಮ, ತೂಕ ಕೈಯನ್ನ ಮುಂದಕ್ಕೆ ಜಗ್ಗುತ್ತೆ. ಕೈ ಭುಜಕ್ಕೆ, ಭುಜ ಮೈಗೆ. ತಳ್ಳಿದ್ದು ಇವರೇ!

ಅಂದ್ರೆ ತಮ್ಮನ ಪ್ರಶ್ನೆಗೆ ಉತ್ತರ: ಮೈಯನ್ನ ತಳ್ಳಿದ್ದು ಅದರದ್ದೇ ಕೈ. ಕೈಯನ್ನ ತಳ್ಳಿದ್ದು ಒಳಗೆ ಬಂದ ತೂಕ. ಹೊರಗಿನವರು ಯಾರೂ ಇಲ್ಲ ಅನ್ನೋದಷ್ಟೇ "ಹೊರಗಿನ ಟಾರ್ಕ್ ಸೊನ್ನೆ" ಅನ್ನೋದರ ಅರ್ಥ. ಒಳಗೊಳಗೇ ಒಬ್ಬರನ್ನೊಬ್ಬರು ತಳ್ಳೋದಕ್ಕೆ ಯಾವ ಅಡ್ಡಿಯೂ ಇಲ್ಲ. ಅಲ್ಲಿ ತೂಕಗಳು ಕಳ್ಕೊಂಡ ಆಂಗ್ಯುಲರ್ ಮೊಮೆಂಟಮ್ಮೇ ಮೈಗೆ ಹೋಗಿದೆ. ಮೊದಲು ಎರಡೂ ತೂಕಗಳ ಹತ್ತಿರ 25.4 ಇತ್ತು, ಕೊನೆಗೆ ಉಳಿದದ್ದು 2.5. ಮೈ ಮತ್ತು ವೇದಿಕೆ ಹತ್ತಿರ 23.9 ಇದ್ದದ್ದು 46.9 ಆಯ್ತು. ಒಬ್ಬರು ಕಳ್ಕೊಂಡದ್ದು 23, ಇನ್ನೊಬ್ಬರಿಗೆ ಸಿಕ್ಕಿದ್ದೂ 23.

ಇಲ್ಲಿ ನಾನು ಎಡವಿದ ಇನ್ನೊಂದು ಜಾಗ ಹೇಳಬೇಕು. ಸ್ಕೇಟರ್ ಜೋರಾಗಿ ತಿರುಗ್ತಾಳೆ ಅಂದ ಕೂಡ್ಲೇ ಅವಳ ಕೈಗಳೂ ಜೋರಾಗಿ ಹೋಗ್ತಾವೆ ಅಂತ ನಾನು ಅಂದುಕೊಂಡಿದ್ದೆ. ನಮ್ಮ ಲೆಕ್ಕದಲ್ಲಿ ಆಗೋದು ಉಲ್ಟಾ. ತೂಕದ ವೇಗ 2.83ರಿಂದ 1.23ಕ್ಕೆ ಇಳಿದಿದೆ. ಸುತ್ತುಗಳ ಲೆಕ್ಕ ಏರಿದೆ, ಆದ್ರೆ ವೃತ್ತ ಅದಕ್ಕಿಂತ ಹೆಚ್ಚು ಚಿಕ್ಕದಾಗಿದೆ. ಎನರ್ಜಿಯಲ್ಲೂ ಅಷ್ಟೇ. ತೂಕಗಳ ಎನರ್ಜಿ 40 ಜೂಲ್ ಇದ್ದದ್ದು 8ಕ್ಕಿಂತ ಕೆಳಗೆ ಬಂತು. ಮೈಯ ಎನರ್ಜಿ 37.5ರಿಂದ 144ಕ್ಕೆ ಏರಿತು. ಮೈಗೆ ಸಿಕ್ಕ 107 ಜೂಲಿನಲ್ಲಿ 32 ತೂಕಗಳು ಬಿಟ್ಟುಕೊಟ್ಟದ್ದು, ಉಳಿದ 75 ಕೈ ಎಳೆದು ದುಡಿದದ್ದು. ಒಳಗೆ ಬರೋ ತೂಕದ ದಾರಿ ವೃತ್ತ ಅಲ್ಲ, ಸುರುಳಿ. ಹಾಗಾಗಿ ನಡುವಿನ ಕಡೆಗಿರೋ ಎಳೆತ ಆ ದಾರಿಗೆ ಪೂರ್ತಿ ಅಡ್ಡವಾಗಿ ಇರಲ್ಲ, ಸ್ವಲ್ಪ ಮುಂದಕ್ಕೂ ವಾಲಿರುತ್ತೆ. ಎಳೆತ ತೂಕಕ್ಕೆ ವೇಗ ಕೊಡ್ತಾನೇ ಇರುತ್ತೆ, ಕೈ ಅದನ್ನ ಕಿತ್ತುಕೊಂಡು ಮೈಗೆ ಕೊಡ್ತಾನೇ ಇರುತ್ತೆ.

ಈಗ ಮೇಲೆ ಹೇಳ್ತೀನಿ ಅಂದಿದ್ದ ಗುಂಡಿ. ಅದೇ ಮನುಷ್ಯ, ಅದೇ ವೇದಿಕೆ, ಕೈ ಪೂರ್ತಿ ಚಾಚಿ ನಿಮಿಷಕ್ಕೆ 30 ಸುತ್ತು ತಿರುಗ್ತಾ ಇದಾನೆ. ಕೈ ಎಳೆದುಕೊಳ್ಳಲ್ಲ. ಸುಮ್ಮನೆ ಬೆರಳು ಬಿಚ್ಚಿ ಎರಡೂ ತೂಕ ಬಿಟ್ಟುಬಿಡ್ತಾನೆ. ಅವನ ವೇಗ ಏನಾಗುತ್ತೆ? ಮುಂದಿನ ಪ್ಯಾರಾಕ್ಕೆ ಹೋಗೋ ಮುಂಚೆ ಒಂದು ಉತ್ತರ ಮನಸ್ಸಲ್ಲಿ ಇಟ್ಕೊಳ್ಳಿ.

ಹಾಸ್ಟೆಲಿಗೆ ವಾಪಸ್ ಬಂದ ಮೇಲೆ ನಮ್ಮ ಮೆಸ್ ಟೇಬಲಿನಲ್ಲಿ ಇದನ್ನ ಕೇಳಿದೆ. ಐದು ಜನರಲ್ಲಿ ನಾಲ್ಕು ಜನ "ಜೋರಾಗುತ್ತೆ" ಅಂದ್ರು. I 15.7ರಿಂದ 7.6ಕ್ಕೆ ಇಳೀತು, L ಬದಲಾಗಲ್ಲ, ಹಾಗಾಗಿ ನಿಮಿಷಕ್ಕೆ 62 ಸುತ್ತು ಅಂತ ಒಬ್ಬಳು ಲೆಕ್ಕಾನೂ ಹಾಕಿದಳು. ಬೋರ್ಡಿನ ಉತ್ತರವನ್ನ ಅಕ್ಷರಶಃ ಹಾಕಿದ್ರೆ ಅದೇ ಬರುತ್ತೆ. ಆದ್ರೆ ನಿಜವಾಗಿ ಏನೂ ಆಗಲ್ಲ. ಅವನು 30 ಸುತ್ತಿನಲ್ಲೇ ಇರ್ತಾನೆ. ಬಿಟ್ಟ ತೂಕಗಳು ತಮ್ಮ 25.4ನ್ನ ಜೊತೆಗೇ ತಗೊಂಡು ನೇರವಾಗಿ ಹಾರಿ ಹೋದವು. ಮೈಯಲ್ಲಿ ಉಳಿದದ್ದು 23.9, ಅದನ್ನ 7.6ರಿಂದ ಭಾಗಿಸಿದ್ರೆ ಮತ್ತೆ ಅದೇ π. L ಬದಲಾಗಲ್ಲ ಅನ್ನೋದು ಮೈ ಮತ್ತು ತೂಕ ಎರಡೂ ಸೇರಿದ ಲೆಕ್ಕ. ತೂಕ ಕೈಬಿಟ್ಟು ಹೋಯ್ತು ಅಂತ ಅದನ್ನ ಲೆಕ್ಕದಿಂದ ಬಿಡೋ ಹಾಗಿಲ್ಲ.

"ಯಾರು ತಳ್ಳಿದ್ರು" ಅಂತ ಕೇಳಿಕೊಂಡಿದ್ರೆ ಈ ತಪ್ಪು ಆಗ್ತಾನೇ ಇರಲಿಲ್ಲ. ಬೆರಳು ಬಿಚ್ಚಿದಾಗ ಯಾರೂ ಯಾರನ್ನೂ ಮುಂದಕ್ಕೆ ಜಗ್ಗಿಲ್ಲ. ಹಾಗಾಗಿ ಮೈ ಜೋರಾಗೋಕೆ ಕಾರಣಾನೇ ಇಲ್ಲ. ಎಷ್ಟು ಸರಳ ನೋಡಿ! ಸೂತ್ರ ಗೊತ್ತಿದ್ದ ನಾಲ್ಕು ಜನ ಬಿದ್ದರು. ಸರಿ ಹೇಳಿದ ಐದನೆಯವಳು ಸಿವಿಲ್ ಬ್ರಾಂಚ್, ತನಗೆ ಫಿಸಿಕ್ಸ್ ಬರಲ್ಲ ಅಂತ ಯಾವಾಗಲೂ ಹೇಳೋಳು.

ಮಾತು ಸಾಕು ಅಂತ ಮಾಡಿಯೇ ನೋಡಿದ್ವಿ. ಹಾಸ್ಟೆಲಿನಲ್ಲಿ ಒಂದು ಗಿರ್ರನೆ ತಿರುಗೋ ಕುರ್ಚಿ, ನೀರು ತುಂಬಿದ ಎರಡು ಲೀಟರಿನ ಎರಡು ಬಾಟಲಿ, ಒಂದು ಫೋನು. (ಪುಸ್ತಕದವರು 5 ಕೆಜಿ ಅಂತ ಬರೀತಾರೆ. ಒಂದು ಸಲ ಕೈ ಚಾಚಿ ಹಿಡಿದು ನೋಡಲಿ.) ಫೋನಿನಲ್ಲಿ phyphox ಅಂತ ಆ್ಯಪ್ ಇದೆ, ಅದರಲ್ಲಿ ಜೈರೋಸ್ಕೋಪ್ ತೆಗೆದು ಫೋನನ್ನ ತೊಡೆ ಮೇಲೆ ಮಲಗಿಸಿದ್ರೆ ಸೆಕೆಂಡಿಗೆ ಎಷ್ಟು ರೇಡಿಯನ್ ಅಂತ ಗ್ರಾಫ್ ಬರುತ್ತೆ. ಫೋನು ಸರಿಯಾಗಿ ನಡುವೆಯೇ ಇರಬೇಕು ಅಂತೇನಿಲ್ಲ, ಕುರ್ಚಿ ಜೊತೆ ತಿರುಗೋ ಎಲ್ಲಾ ಜಾಗಕ್ಕೂ ω ಒಂದೇ.

ಮೊದಲನೇ ಸಲ ನಮ್ಮ ಉತ್ತರ ತೀರಾ ಕಡಿಮೆ ಬಂತು. ಗೆಳತಿ ತಳ್ಳಿದಳು, ನಾನು ಸಾವಕಾಶವಾಗಿ ಕೈ ಎಳೆದೆ, ಆಮೇಲೆ ಓದಿದ್ವಿ. ವೇಗ ಅಷ್ಟೇನೂ ಏರಿರಲಿಲ್ಲ. ಗ್ರಾಫ್ ನೋಡಿದ್ರೆ ಕಾರಣ ಕಾಣ್ತಿತ್ತು: ನಾನು ಏನೂ ಮಾಡದೆ ಕೂತಿದ್ದಾಗಲೂ ಗೆರೆ ಕೆಳಗಡೆಗೆ ಇಳೀತಾ ಇತ್ತು. ಕುರ್ಚಿಯ ಬೇರಿಂಗ್ ಸವೆದಿದೆ, ಅದೇ ಇಲ್ಲಿ ಹೊರಗಿನ ಟಾರ್ಕ್. ಸೊನ್ನೆ ಅಂತ ಪುಸ್ತಕ ಹೇಳಿದ್ದು ನಮ್ಮ ಕುರ್ಚಿಗೆ ಗೊತ್ತಿಲ್ಲ. ಹಾಗಾಗಿ ಎರಡನೇ ಸಲ ಬೇಗ ಎಳೆದೆ, ಎಳೆಯೋಕೆ ಶುರು ಮಾಡೋ ಹಿಂದಿನ ಕ್ಷಣದ ಬೆಲೆ ಮತ್ತು ಮುಗಿದ ಮರುಕ್ಷಣದ ಬೆಲೆ ಎರಡನ್ನೇ ತಗೊಂಡ್ವಿ. ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಬಂತು. ಇಳಿಜಾರು, ಒಂದು ನೆಗೆತ, ಮತ್ತೆ ಇಳಿಜಾರು, ಗ್ರಾಫ್ ಇದ್ದದ್ದು ಹಾಗೆ. ಮಾಡೋರಿಗೆ ಒಂದು ಮಾತು: ಕಾಲು ನೆಲಕ್ಕೆ ತಾಗಬಾರದು, ಮುಂದಕ್ಕೆ ಬಾಗಬೇಡಿ, ಕುರ್ಚಿ ಮಗುಚುತ್ತೆ.

ಆದ್ರೆ ಸಂಖ್ಯೆಗಿಂತ ನನಗೆ ಮುಖ್ಯ ಅನ್ನಿಸಿದ್ದು ಕೈಗೆ ಗೊತ್ತಾದದ್ದು. ನಾನು ಎಡಕ್ಕೆ ತಿರುಗ್ತಾ ಇದ್ದೆ. ಬಾಟಲಿಗಳನ್ನ ಎದೆಗೆ ಎಳೆಯುವಾಗ ಬಲಗೈ ಬಾಟಲಿ ಮುಂದಕ್ಕೆ ಓಡೋಕೆ ನೋಡ್ತು, ಎಡಗೈ ಬಾಟಲಿ ಬೆನ್ನ ಕಡೆಗೆ. ಎರಡೂ ತಿರುಗೋ ದಿಕ್ಕಿಗೇ. ಎರಡನ್ನೂ ತಡೆದು ಹಿಡಿದು ನೇರವಾಗಿ ಎಳೀಬೇಕಾದ್ರೆ ಭುಜಕ್ಕೆ ಪಕ್ಕಕ್ಕೆ ಜಗ್ಗಿದ್ದು ಚೆನ್ನಾಗಿ ಗೊತ್ತಾಗುತ್ತೆ. ಆ ಜಗ್ಗಾಟವೇ ತಮ್ಮ ಕೇಳಿದ ತಳ್ಳು.

ಇನ್ನು ನಿಜವಾದ ಸ್ಕೇಟರ್. ಅವರ ಕೈಯಲ್ಲಿ ತೂಕ ಇರಲ್ಲ, ಕೈಯೇ ತೂಕ. ನಿಂತಲ್ಲೇ ತಿರುಗುವಾಗ ಎತ್ತಿ ಚಾಚಿದ ಕಾಲೂ ಸೇರುತ್ತೆ. ಬ್ಲೇಡು ಮಂಜಿಗೆ ತಾಗೋದು ಅಕ್ಷದ ಹತ್ತಿರವೇ ಆದ್ದರಿಂದ ಘರ್ಷಣೆಯ ಟಾರ್ಕ್ ತುಂಬಾ ಕಡಿಮೆ, ಆದ್ರೆ ಸೊನ್ನೆ ಅಲ್ಲ. ಇದಕ್ಕಿಂತ ಶುದ್ಧ ಉದಾಹರಣೆ ಜಂಪ್. ಗಾಳಿಯಲ್ಲಿದ್ದಾಗ ಮಂಜೇ ಇಲ್ಲ, ಗುರುತ್ವ ಎಳೆಯೋದು ದ್ರವ್ಯರಾಶಿ ಕೇಂದ್ರದಲ್ಲಿ, ಅದರಿಂದ ಆ ಕೇಂದ್ರದ ಸುತ್ತ ಟಾರ್ಕ್ ಬರಲ್ಲ. ನೆಲ ಬಿಡುವಾಗ ಎಷ್ಟು L ಇತ್ತೋ ಇಳಿಯೋವರೆಗೂ ಅಷ್ಟೇ.

2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ ಇಲಿಯಾ ಮಾಲಿನಿನ್ ಸ್ಪರ್ಧೆಯೊಂದರಲ್ಲಿ ಮೊದಲ ಬಾರಿಗೆ ಕ್ವಾಡ್ ಆಕ್ಸೆಲ್ ಹಾಕಿ ಇಳಿದ. ಅಂದ್ರೆ ನಾಲ್ಕೂವರೆ ಸುತ್ತು. ಇಂಥ ಜಂಪಿನಲ್ಲಿ ಗಾಳಿಯಲ್ಲಿ ಇರೋದು ಸುಮಾರು 0.7 ಸೆಕೆಂಡು. ಸುತ್ತಿನ ಒಂದು ತುಂಡು ನೆಗೆಯುವಾಗ ಮತ್ತು ಇಳಿಯುವಾಗ ಮಂಜಿನ ಮೇಲೆಯೇ ಮುಗಿಯುತ್ತೆ ಅಂದ್ರೂ ಗಾಳಿಯಲ್ಲಿ ಸೆಕೆಂಡಿಗೆ ಐದು ಸುತ್ತಿಗಿಂತ ಹೆಚ್ಚು ಬೇಕು. ಸೆಕೆಂಡಿಗೆ ಐದೂವರೆ ಸುತ್ತು ಅಂತ ಇಟ್ಕೊಂಡು ಅಂದಾಜು ಮಾಡೋಣ. ಮುಂಗೈ ಮತ್ತು ಅಂಗೈ ಸೇರಿ ಒಂದೂವರೆ ಕೆಜಿ, ಅಕ್ಷದಿಂದ 15 ಸೆಂಟಿಮೀಟರ್ ದೂರ ಅಂದ್ರೆ mω²r ಸುಮಾರು 270 ನ್ಯೂಟನ್. ಒಂದೊಂದು ಕೈಗೂ 27 ಕೆಜಿ ತೂಗು ಹಾಕಿದ ಹಾಗೆ! ಎದೆ ಮೇಲೆ ಕೈ ಕಟ್ಟಿಕೊಂಡು ಆರಾಮಾಗಿ ತಿರುಗ್ತಾ ಇದಾನೆ ಅಂತ ನಮಗೆ ಕಾಣುತ್ತೆ. ಕೈ ಒಳಗೆ ತರೋಕೆ ಮತ್ತು ಅಲ್ಲೇ ಇಟ್ಟುಕೊಳ್ಳೋಕೆ ತೋಳಿನಲ್ಲಿ ಬಲ ಬೇಕು. "I ಕಡಿಮೆ ಆಗುತ್ತೆ" ಅಂತ ನಾವು ಎರಡು ಪದದಲ್ಲಿ ಬರೆಯೋದು ಇದನ್ನ. ಅದು ತಾನಾಗೇ ಆಗಲ್ಲ, ಒಬ್ಬ ಮನುಷ್ಯ ಒದ್ದಾಡಿ ಮಾಡ್ತಾನೆ.

ಪರೀಕ್ಷೆಗೆ ಬರೋಣ. ಮೌಲ್ಯಮಾಪನಕ್ಕೆ ಕೀ ಬೇಕು, ಲಕ್ಷಗಟ್ಟಲೆ ಪೇಪರ್ ತಿದ್ದಬೇಕು, ಮೂರು ಪಾಯಿಂಟಿಗೆ ಮೂರು ಮಾರ್ಕ್ಸ್ ಅಂತ ಇದ್ರೇನೇ ಅದು ನಡಿಯೋದು ಅಂತ ನಮ್ಮ ಪಿಯು ಲೆಕ್ಚರರ್ ಒಬ್ಬರು ಹಿಂದೆ ಹೇಳಿದ್ರು. ಒಪ್ತೀನಿ. ನಾನು ಕೀ ತೆಗೀರಿ ಅಂತಿಲ್ಲ, ಪ್ರಶ್ನೆ ಬದಲಾಯಿಸಿ ಅಂತಿದೀನಿ. "ಸ್ಕೇಟರ್ ಯಾಕೆ ಜೋರಾಗ್ತಾಳೆ, ವಿವರಿಸಿ" ಅನ್ನೋ ಬದಲು, "ತೂಕಗಳನ್ನ ಎಳೆದುಕೊಂಡ್ರೆ ವೇಗ ಎಷ್ಟು, ಕೈಬಿಟ್ರೆ ಎಷ್ಟು, ಎರಡರಲ್ಲಿ ವ್ಯತ್ಯಾಸ ಯಾಕೆ" ಅಂತ ಕೇಳಿ. ಮೂರು ಪಾಯಿಂಟು, ಮೂರು ಮಾರ್ಕ್ಸು, ಕೀ ಅಷ್ಟೇ ಉದ್ದ. ಮೊದಲನೆಯದನ್ನ ಗೈಡ್ ನೋಡಿ ಬಾಯಿಪಾಠ ಮಾಡಬಹುದು, ಮೂರನೆಯದಕ್ಕೆ ಯಾರು ಯಾರನ್ನ ತಳ್ಳಿದ್ರು ಅಂತ ಗೊತ್ತಿರಲೇಬೇಕು. ಎನರ್ಜಿ ಭಾಗವಂತೂ ಪುಸ್ತಕದ ಲೆಕ್ಕದಲ್ಲೇ ಇತ್ತು. ಅದನ್ನ ಹೋಮ್‌ವರ್ಕಿಗೆ ತಳ್ಳದೆ ಬೋರ್ಡಿನ ಮೇಲೆ ಮಾಡಿಸಿದ್ರೆ ಒಂದು ಪೀರಿಯಡ್ ಸಾಕು. ಪೋರ್ಷನ್ ಮುಗಿಯಲ್ಲ ಅನ್ನೋರಿಗೆ ನನ್ನ ಹತ್ತಿರ ಉತ್ತರ ಇಲ್ಲ, ಆದ್ರೆ ಮುಗಿದ ಪೋರ್ಷನ್ನಿನಿಂದ ನನ್ನ ಮೆಸ್ ಟೇಬಲಿಗೆ ಏನು ಸಿಕ್ತು ಅಂತ ಮೇಲೆ ಬರೆದಿದೀನಿ.

ಇದನ್ನ ಬರೀತಾ ಇರುವಾಗಲೇ ತಮ್ಮ ಫೋನ್ ಮಾಡಿದ. ಅವನ ಹತ್ತಿರ ಈಗ ಹೊಸ ಪ್ರಶ್ನೆ. "ಅಕ್ಕ, ಎಳೆದಾಗ 75 ಜೂಲ್ ಬಂತು ಸರಿ. ವಾಪಸ್ ಕೈ ಬಿಚ್ಚಿದ್ರೆ ಆ 75 ಜೂಲ್ ಎಲ್ಲಿಗೆ ಹೋಗುತ್ತೆ? ಕೈಗೆ ಮತ್ತೆ ಶಕ್ತಿ ಬರುತ್ತಾ?"

ಬರಲ್ಲ ಅಂದೆ. ಬಿಚ್ಚುವಾಗ ತೂಕಗಳು ಹೊರಗೆ ಹಾರೋಕೆ ನೋಡ್ತಾವೆ, ಅವನ್ನ ತಡೀತಾ ತಡೀತಾ ಬಿಡಬೇಕು. ಬೆಟ್ಟ ಇಳಿಯುವಾಗ ಕಾಲು ಬ್ರೇಕ್ ಹಾಕ್ತಾವಲ್ಲ, ಹಾಗೆ. ನಮ್ಮ ಸ್ನಾಯು ಬ್ಯಾಟರಿ ಅಲ್ಲ, ಆ ಎನರ್ಜಿ ಅಲ್ಲೇ ಬಿಸಿಯಾಗಿ ಹೋಗುತ್ತೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಾಗಾದ್ರೆ ಹತ್ತು ಸಲ ಎಳೆದು ಬಿಚ್ಚಿ ಮಾಡಿದ್ರೆ ವೇಗ ಮೊದಲಿನಷ್ಟೇ, ಸುಸ್ತು ಮಾತ್ರ ನನಗೆ" ಅಂದ. ಹೌದು ಅಂದೆ. ಅವನು ಕುರ್ಚಿ ಹುಡುಕೋಕೆ ಹೋದ.